ಅನ್ನೂರಿನ ಮಾದರಿ ಊಟ

ಅಪ್ಪ ಬಿದ್ದದ್ದು ಮದುವೆಯೊಂದರ ಅಡುಗೆಮನೆಯಲ್ಲಿ. ನೆಲದ ಮೇಲೆ ಗಂಜಿ ಚೆಲ್ಲಿತ್ತು. ಹಿಂದಕ್ಕೆ ಜಾರಿ, ತಲೆಯ ಹಿಂಭಾಗ ಒರಳಿನ ಅಂಚಿಗೆ ಬಡಿಯಿತು. ರಕ್ತ ಹೆಚ್ಚೇನೂ ಬರಲಿಲ್ಲ. ಎರಡು ದಿನ ಮಲಗಿ ಎದ್ದರು. ಹತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ದೇವರ ಮುಂದೆ ಕುಳಿತವರು ನನ್ನನ್ನು ಕರೆದು, "ಈ ಕರ್ಪೂರ ಹಳೇದಾ? ವಾಸನೆಯೇ ಇಲ್ಲ" ಎಂದರು. ಕರ್ಪೂರ ಹಿಂದಿನ ದಿನ ತಾನೇ ತಂದದ್ದು. ಮನೆಯೆಲ್ಲ ಅದರ ವಾಸನೆ ತುಂಬಿತ್ತು.

ಅಪ್ಪ ಕೊಯಮತ್ತೂರಿನಲ್ಲಿ ಮದುವೆ ಅಡುಗೆ ಮಾಡುತ್ತಿದ್ದರು. ನಮ್ಮದು ಮೂರು ತಲೆಮಾರಿನಿಂದ ಅಲ್ಲೇ ನೆಲೆಸಿದ ಕನ್ನಡದ ಮನೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅಪ್ಪನಿಗೆ ಎರಡನ್ನೂ ಬರೆಯಲು ಬರುತ್ತಿರಲಿಲ್ಲ. ನನ್ನನ್ನು ಚಾಮರಾಜನಗರದ ಕಡೆಗೆ ಕೊಟ್ಟಿದ್ದರು. ನನ್ನ ಹತ್ತೊಂಬತ್ತನೆಯ ವಯಸ್ಸಿಗೆ ಗಂಡ ಕಾಮಾಲೆಯಲ್ಲಿ ತೀರಿಕೊಂಡ. ಅವನು ಕಲಿಸಿದ ಕನ್ನಡದ ಅಕ್ಷರವನ್ನೂ ಒಂದು ಟ್ರಂಕನ್ನೂ ಹಿಡಿದು ತವರಿಗೆ ಹಿಂತಿರುಗಿದ್ದೆ. ಅಮ್ಮ ಮೊದಲೇ ಹೋಗಿದ್ದಳು. ಅಪ್ಪನ ಕಾಗದ ಪತ್ರ ಬರೆಯುವುದು, ಸಾಮಾನಿನ ಪಟ್ಟಿ ಹಾಕುವುದು ನನ್ನ ಕೆಲಸವಾಯಿತು. ತಮಿಳನ್ನು ಚಿಕ್ಕಂದಿನಲ್ಲಿ ಇಸ್ಕೂಲಿನಲ್ಲೇ ಕಲಿತಿದ್ದೆ.

ಮದುವೆ ಅಡುಗೆಯವನು ಏನನ್ನೂ ಬಾಯಿಗೆ ಹಾಕಿ ನೋಡುವುದಿಲ್ಲ. ನೈವೇದ್ಯವಾಗುವ ಮುಂಚೆ ಎಂಜಲಾಗಬಾರದು. ಉಪ್ಪು ಕೈ ಅಳತೆ, ಹುಳಿ ಕಣ್ಣಳತೆ. ಉಳಿದದ್ದೆಲ್ಲ ಮೂಗು. ಬೇಳೆ ಬೆಂದದ್ದು, ಸಾರಿನ ಪುಡಿಯ ಹಸಿ ವಾಸನೆ ಹೋದದ್ದು, ತುಪ್ಪ ಕಾದದ್ದು, ತಳ ಹಿಡಿಯಲು ಶುರುವಾದದ್ದು, ಎಲ್ಲ ಮೂಗಿಗೇ ತಿಳಿಯಬೇಕು. ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ಆರು ಒಲೆಗಳಲ್ಲಿ ಯಾವುದರಲ್ಲಿ ಏನು ತಪ್ಪಿದೆ ಎಂದು ಹೇಳುತ್ತಿದ್ದ ಮನುಷ್ಯ.

ಆ ಮೂಗು ಹೋದದ್ದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಮೂರನೆಯವನೊಬ್ಬ ಕಂಡುಕೊಂಡ. ಅಪ್ಪನ ಬಳಿ ಹನ್ನೆರಡು ವರ್ಷ ದುಡಿದ ಕೈಯಾಳು ಅವನು, ನಲವತ್ತು ದಾಟಿದವನು. ಒಂದು ಸೀಮಂತದ ಅಡುಗೆಯಲ್ಲಿ ಮುಗ್ಗಿದ ತುಪ್ಪವನ್ನು ಅಪ್ಪ ಸುಮ್ಮನೆ ಬಾಣಲೆಗೆ ಸುರಿಯುವುದನ್ನು ನೋಡಿದನಂತೆ. ಯಾರಿಗೂ ಹೇಳಲಿಲ್ಲ. ಮುಂದಿನ ತಿಂಗಳು ಬಂದು ಕಾಲಿಗೆ ಬಿದ್ದು, ತಾನೇ ಬೇರೆ ಮಾಡಿಕೊಳ್ಳುತ್ತೇನೆ ಎಂದು ಹೊರಟ. ಅವನ ಹಿಂದೆ ಉಳಿದ ಇಬ್ಬರು ಆಳುಗಳೂ ಹೋದರು.

ಆಮೇಲೆ ನಾವು ಮನೆಯಲ್ಲೇ ಮಾಡಿ ಕಳಿಸುವ ಭಕ್ಷ್ಯಗಳ ಕೆಲಸವನ್ನಷ್ಟೇ ಒಪ್ಪಿಕೊಂಡೆವು. ಅಪ್ಪ ಒಲೆಯ ಮುಂದೆ ಕೂರುತ್ತಿದ್ದರು, ನಾನು ಹಿಂದೆ ನಿಲ್ಲುತ್ತಿದ್ದೆ. ಏನಾದರೂ ಸೀದ ಕಂಟು ವಾಸನೆ ಬಂದರೆ "ಅಪ್ಪಾ, ನೀರು ಬೇಕಾ?" ಎನ್ನುತ್ತಿದ್ದೆ. ಅವರು ಉರಿ ತಗ್ಗಿಸುತ್ತಿದ್ದರು. ಇಂಥ ಸಂಕೇತ ಮಾಡಿಕೊಳ್ಳೋಣ ಎಂದು ಇಬ್ಬರೂ ಮಾತಾಡಿಕೊಂಡಿರಲಿಲ್ಲ. ಹಾಗೇ ರೂಢಿಯಾಯಿತು.

ಅಂಥ ಹೊತ್ತಿನಲ್ಲಿ ಅನ್ನೂರಿನಿಂದ ಒಬ್ಬ ಗುಮಾಸ್ತ ಬಂದ. ಅಲ್ಲಿನ ಹತ್ತಿ ಜಿನ್ನಿಂಗ್ ಮಿಲ್ಲಿನ ಯಜಮಾನರ ಎರಡನೆಯ ಮಗಳಿಗೆ ತಮಿಳರ ವೈಕಾಸಿ ತಿಂಗಳಲ್ಲಿ ಮದುವೆ. ಅವರದೂ ಕನ್ನಡದ ಮನೆಯೇ. ಹೊಲ ಮಾಡಿಕೊಂಡಿದ್ದವರು ವ್ಯಾಪಾರಕ್ಕೆ ಇಳಿದು ಮೇಲೆ ಬಂದಿದ್ದರು. ಅಕ್ಕಿ ರೇಷನ್ ಹೋಗಿ ಮದುವೆಗಳು ಮತ್ತೆ ದೊಡ್ಡವಾಗುತ್ತಿದ್ದ ವರ್ಷಗಳು ಅವು. ಎರಡು ದಿನ, ಹೊತ್ತಿಗೆ ಎಂಟುನೂರು ಎಲೆ. ಆದರೆ ಮೊದಲ ಮಗಳ ಮದುವೆಯಲ್ಲಿ ಸಾಂಬಾರು ಹಳಸಿ, ಗಂಡಿನ ಕಡೆಯವರು ಎಲೆ ಬಿಟ್ಟು ಎದ್ದಿದ್ದರಂತೆ. ಅದಕ್ಕೇ ಈ ಸಲ, ಒಪ್ಪುವ ಮುಂಚೆ ನಾಲ್ಕಾರು ಬಗೆ ಮಾಡಿಸಿ ರುಚಿ ನೋಡಬೇಕು ಎಂದು ಮನೆಯವರ ಇಷ್ಟ. ಗಂಡಿನ ಸೋದರಮಾವನನ್ನೂ ಕೂರಿಸುತ್ತಾರೆ.

"ಪರೀಕ್ಷೆಯಾ ನನಗೆ?" ಎಂದರು ಅಪ್ಪ, ಗುಮಾಸ್ತ ಹೋದ ಮೇಲೆ. "ನನ್ನ ಸಾರು ಕುಡಿದೇ ಬೆಳೆದಿದೆ ಈ ಊರು."

"ಪರೀಕ್ಷೆ ಅಲ್ಲ ಅಪ್ಪ. ಹೆದರಿದ್ದಾರೆ ಅಷ್ಟೆ. ನಮ್ಮ ಮನೆಗೇ ಕರೆಯೋಣ. ನಮ್ಮ ಒಲೆ, ನಮ್ಮ ಪಾತ್ರೆ. ನಾ ಹಿಂದೆ ನಿಂತಿರ್ತೀನಿ."

"ಮದುವೆ ದಿವಸ ಏನ್ ಮಾಡ್ತೀ? ಎಂಟುನೂರು ಎಲೆಗೆ?"

"ಅದು ಆಮೇಲೆ. ಒಪ್ಪಿಗೆ ಆದ್ರೆ ಆಳು ಸಿಕ್ತಾರೆ. ಒಳ್ಳೆ ಮೂಗಿರೋನ ಒಬ್ಬನ್ನ ಪಕ್ಕದಲ್ಲಿ ಇಟ್ಕೊಂಡ್ರೆ ಆಯ್ತು."

ಅಪ್ಪ ಒಂದು ಅಂಚೆ ಕಾರ್ಡನ್ನು ನನ್ನ ಕಡೆ ಸರಿಸಿ, "ಬರಿ" ಎಂದರು.

ಹೀಗೆ ಕಾರ್ಡುಗಳು ಓಡಾಡಿದವು. ನಾನು ತಮಿಳಿನಲ್ಲಿ ಬರೆದೆ: ಕೊಯಮತ್ತೂರಿನ ನಮ್ಮ ಮನೆಗೆ ದಯಮಾಡಿಸಬೇಕು, ಎಷ್ಟು ಎಲೆ ಎಂದು ತಿಳಿಸಬೇಕು, ಇಂಥಿಂಥ ಬಗೆ ಮಾಡುತ್ತೇವೆ. ಬಗೆಗಳನ್ನು ನಾನೇ ಆರಿಸಿದೆ. ಬೂದುಗುಂಬಳದ ಮಜ್ಜಿಗೆ ಹುಳಿ, ಹುರುಳಿಕಾಯಿ ಪಲ್ಯ, ನಿಂಬೆಹಣ್ಣಿನ ಚಿತ್ರಾನ್ನ, ಜಾಂಗಿರಿ, ಬೆಲ್ಲ ಹಾಕಿದ ಕಡಲೆಬೇಳೆ ಪಾಯಸ. ಎಲ್ಲವೂ ಕಣ್ಣಿಗೆ, ಕೈಗೆ ಸಿಗುವಂಥವು. ಜಾಂಗಿರಿಯ ಪಾಕವನ್ನು ಬೆರಳ ನಡುವೆ ಎಳೆ ನೋಡಿ ಹಿಡಿಯಬಹುದು. ಮಜ್ಜಿಗೆ ಹುಳಿ ನೊರೆ ಕಟ್ಟಿದರೆ ಇಳಿಸುವುದು. ಅಪ್ಪನಿಗೆ ಪಟ್ಟಿ ಓದಿ ಹೇಳಿದಾಗ, ಅದನ್ನು ಯಾಕೆ ಹಾಗೆ ಆರಿಸಿದೆ ಎಂದು ಅವರು ಕೇಳಲಿಲ್ಲ.

ಉತ್ತರ ಬಂತು. ಗಂಡಿನ ಸೋದರಮಾವ ಪಲ್ಲಡದವರು, ಅವರನ್ನು ಬೇರೆಯವರ ಮನೆಗೆ ಕರೆದೊಯ್ಯಲು ಆಗದು. ಅನ್ನೂರಿಗೆ ನೀವೇ ಬರಬೇಕು. ಶುಕ್ರವಾರ ಆಗಬಹುದೇ? ಪಂಚಾಂಗ ನೋಡಿದೆ. ಶುಕ್ರವಾರ ಏಕಾದಶಿ ಬಿದ್ದಿತ್ತು, ಅಪ್ಪ ಒಲೆ ಮುಟ್ಟುವುದಿಲ್ಲ. ಸೋಮವಾರ ಸೋದರಮಾವನ ಒಪ್ಪೊತ್ತು. ಮಂಗಳವಾರ ಶುಭದ ಮಾತು ಬೇಡವೆಂದು ಅವರೇ ಬರೆದರು. ಕೊನೆಗೆ ಬುಧವಾರ ಗೊತ್ತಾಯಿತು. ಬೆಳಗಿನ ಮೊದಲ ಬಸ್ಸಿಗೆ ಬರುತ್ತೇವೆ, ಎಂಟಕ್ಕೆ ಒಲೆ ಹೊತ್ತಬೇಕು, ಹನ್ನೊಂದೂವರೆಗೆ ಎಲೆ ಹಾಕಬಹುದು ಎಂದು ಬರೆದೆ. ಏಳು ಎಲೆ ಎಂದು ಅವರು ತಿಳಿಸಿದರು. ಸೋದರಮಾವ, ಅವರ ಹೆಂಡತಿ, ಗಂಡಿನ ಅಕ್ಕ, ಯಜಮಾನರು, ಅವರ ತಮ್ಮ, ಪುರೋಹಿತರು, ಮದುವಣಗಿತ್ತಿ. ಯಜಮಾನರ ಹೆಂಡತಿ ಬಡಿಸುವ ಕಡೆ ನಿಲ್ಲುತ್ತಾರೆ.

ಕಾರ್ಡಿನ ಅಂಚಿನಲ್ಲಿ ಇನ್ನೆರಡು ಸಾಲು ಇದ್ದವು. ಸೋದರಮಾವನಿಗೆ ಹಾಲು ಪಾಯಸ ಎಂದರೆ ಪ್ರಾಣ, ಕಡಲೆಬೇಳೆಯ ಬದಲು ಅದೇ ಆಗಬೇಕು. ನಿಮ್ಮ ಕಡೆಯಿಂದ ಯಾರು ಯಾರು ಬರುತ್ತೀರಿ ಎಂದೂ ತಿಳಿಸಿ.

ಹಾಲು ಪಾಯಸ ಬೇಡವೆನ್ನಬೇಕಿತ್ತು. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕಾಯಬೇಕಾದ ಹಾಲು ಅದು, ಒಂದು ಗಳಿಗೆ ಕೈ ಬಿಟ್ಟರೆ ತಳ ಹಿಡಿಯುತ್ತದೆ. ಆದರೆ ಮದುವೆ ಅಡುಗೆಯವನು ಹಾಲು ಪಾಯಸ ಆಗುವುದಿಲ್ಲ ಎಂದರೆ ಅಲ್ಲಿಗೇ ಮುಗಿಯಿತು. ಅಪ್ಪನನ್ನು ಕೇಳದೆಯೇ "ಆಗಲಿ" ಎಂದು ಬರೆದೆ. ಅದರ ಕೆಳಗೆ "ತಂದೆ, ಮಗಳು, ಇಬ್ಬರು" ಎಂದು ಬರೆದೆ. ಬರೀ ಮಗಳು ಎಂದೆ. ಗಂಡ ಸತ್ತ ಮಗಳು ಎಂದು ಅವರಿಗೆ ಗೊತ್ತಾಗದಿರಲಿ ಎಂದೇ ಬರೆದದ್ದು.

ಒಬ್ಬ ಆಳನ್ನು ಜೊತೆಗೆ ಕರೆದುಕೊಳ್ಳೋಣ ಎಂದಿದ್ದೆ. "ಹೊಸಬ ಬಂದ್ರೆ ಸಾಯಂಕಾಲಕ್ಕೆ ಊರಿಗೆಲ್ಲ ಗೊತ್ತಾಗುತ್ತೆ. ನೀ ಸಾಕು" ಎಂದಿದ್ದರು ಅಪ್ಪ.

ಬುಧವಾರ ಬಸ್ಸಿಳಿದು ಅವರ ಮನೆಯ ಜಗಲಿ ತಲುಪುವ ಹೊತ್ತಿಗೆ ಬಿಸಿಲು ಏರುತ್ತಿತ್ತು. ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಯಜಮಾನರು ಹೊರಗೆ ಬಂದು, "ಬಾಂಗ ಸಾಮಿ, ಬಾಂಗ" ಎಂದು ಅಪ್ಪನಿಗೆ ಕೈಮುಗಿದರು. ಅವರ ಹಿಂದೆ ಬಂದ ಹೆಂಡತಿ ನನ್ನ ಹಣೆ ನೋಡಿದರು, ಕೈ ನೋಡಿದರು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

"ಅಮ್ಮಣಿ, ತಪ್ಪು ತಿಳ್ಕೋಬೇಡ," ಎಂದರು ಮೆಲ್ಲಗೆ. "ಇವತ್ತು ಗಂಡಿನ ಕಡೇರು ಬತ್ತಾರೆ. ನೀ ಈ ಪಕ್ಕದಿಂದ ಹಿತ್ತಲಿಗೆ ಹೋಗಿ ಕೂತ್ಕೋ. ಅಲ್ಲಿ ನಮ್ಮ ಯಜಮಾನ್ರ ಅಕ್ಕ ಅವ್ರೆ."

ಅಪ್ಪ ನನ್ನ ಕಡೆ ತಿರುಗಿದರು. ಅವರ ಬಾಯಿ ಸ್ವಲ್ಪ ತೆರೆದೇ ಇತ್ತು. "ಮಗಳು ಪಟ್ಟಿ ಓದಿ ಹೇಳಬೇಕಲ್ಲ..." ಎಂದರು.

"ಪಟ್ಟಿ ನಮ್ಮ ಗುಮಾಸ್ತ ಓದ್ತಾನೆ ಸಾಮಿ," ಎಂದರು ಯಜಮಾನರು.

ಅಲ್ಲೇ ಹಿಂತಿರುಗಿಬಿಡಬಹುದಿತ್ತು. ಅಪ್ಪನ ಮೈಗೆ ಹುಷಾರಿಲ್ಲ ಎಂದು ಹೇಳಿ ಬೇರೆ ದಿನ ಗೊತ್ತು ಮಾಡಬಹುದಿತ್ತು. ನನಗೆ ಆ ಕ್ಷಣ ಅವಮಾನ ಒಂದೇ ತಲೆಯಲ್ಲಿತ್ತು. ತಲೆ ತಗ್ಗಿಸಿ ಪಕ್ಕದ ಓಣಿಗೆ ಇಳಿದೆ.

ಹಿತ್ತಲಲ್ಲಿ ಬಾವಿ, ಅದರಾಚೆ ದನದ ಕೊಟ್ಟಿಗೆ, ಕೊಟ್ಟಿಗೆಯ ಪಕ್ಕ ಒಂದು ಹೆಂಚಿನ ಮಾಡು. ಅಲ್ಲಿ ಯಜಮಾನರ ಅಕ್ಕ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಅರವತ್ತರ ಹೆಂಗಸು, ಬಿಳಿ ಸೀರೆ, ನನ್ನ ಹಾಗೆಯೇ ಬೋಳು ಹಣೆ. ಮಾತಾಡುತ್ತಾ ಹೋದಂತೆ ನನಗೆ ತಿಳಿಯಿತು, ಆ ಮನೆಯ ಅಡುಗೆಮನೆ ನಡೆಯುತ್ತಿದ್ದುದು ಈಕೆಯಿಂದ. ಮೊದಲ ಮದುವೆಯ ಸಾಂಬಾರು ಹಳಸಿದೆ ಎಂದು ಬಡಿಸುವ ಮುಂಚೆಯೇ ಕೂಗಿ ಹೇಳಿದ್ದರಂತೆ. ಮುಂಡೆಯ ಮಾತು ಶುಭಕಾರ್ಯದಲ್ಲಿ ಯಾಕೆ ಎಂದು ಯಾರೋ ಗದರಿದರಂತೆ. ರುಚಿ ನೋಡಿ ಒಪ್ಪುವುದು ಎಂಬ ಯೋಚನೆಯೂ ಇವರದೇ. ಆದರೂ ಏಳು ಎಲೆಯಲ್ಲಿ ಇವರಿಗೆ ಒಂದು ಇರಲಿಲ್ಲ.

"ಯಾರ್ ಯಾರ್ ಕೂರ್ಬೇಕು ಅಂತ ನಾನೇ ಹೇಳಿ ಬರಿಸ್ದೆ, ಅಮ್ಮಣಿ," ಎಂದು ನಕ್ಕರು.

ಅಡುಗೆಮನೆಯ ಕಿಟಕಿ ಬಾವಿಯ ಕಡೆಗಿತ್ತು. ಒಳಗೆ ಅಪ್ಪನ ಬೆನ್ನು ಆಗಾಗ ಕಾಣುತ್ತಿತ್ತು. ಹೊಗೆ ನೋಡಿದ ಕೂಡಲೇ ನನಗೆ ಸೌದೆ ಯಾವುದೆಂದು ತಿಳಿಯಿತು. ಒಲೆಗೆ ಹತ್ತಿ ಗಿಡದ ಕಡ್ಡಿ ಹಾಕಿದ್ದರು. ಜಿನ್ನಿಂಗ್ ಮಿಲ್ಲಿನ ಮನೆಯಲ್ಲಿ ಅದಕ್ಕೇನು ಬರ? ಅಪ್ಪ ಯಾವಾಗಲೂ ಹುಣಸೆ ಕಟ್ಟಿಗೆಯನ್ನು ಕೇಳಿ ತರಿಸುತ್ತಿದ್ದವರು, ಅದು ನಿಧಾನಕ್ಕೆ ಉರಿದು ಕೆಂಡ ನಿಲ್ಲಿಸುತ್ತದೆ. ಹತ್ತಿ ಕಡ್ಡಿ ಭಗ್ಗನೆ ಹತ್ತಿ ಭಗ್ಗನೆ ಇಳಿಯುತ್ತದೆ. ಅವರಿಗೆ ಕಳಿಸಿದ ಸಾಮಾನಿನ ಪಟ್ಟಿಯಲ್ಲಿ ಸೌದೆ ಯಾವುದು ಎಂದು ಬರೆಯಲು ನಾನು ಮರೆತಿದ್ದೆ. ದಪ್ಪ ತಳದ ಕಂಚಿನ ಉರುಳಿ ಬೇಕೆಂದು ಬರೆದಿದ್ದೆ. ಅವರಲ್ಲಿದ್ದದ್ದು ಮದುವೆಗೆ ಸರಿಹೋಗುವ ಭಾರಿ ಉರುಳಿ. ಏಳು ಎಲೆಯ ಹಾಲು ಅದರಲ್ಲಿ ತಳವನ್ನೂ ಮುಚ್ಚದು. ಹಾಗಾಗಿ ತೆಳುವಾದ ಹಿತ್ತಾಳೆ ಪಾತ್ರೆಯಲ್ಲಿ ಹಾಲಿಟ್ಟರು. ಎಂಟುನೂರು ಎಲೆಗೆ ಮಾಡುವ ಕೈಗೆ ಏಳು ಎಲೆಯ ಅಡುಗೆ ಎಷ್ಟು ಕಷ್ಟ ಎಂದು ಯಾರೂ ಯೋಚಿಸುವುದಿಲ್ಲ.

ಹತ್ತು ಗಂಟೆ ದಾಟಿರಬೇಕು. ಅಪ್ಪ ಜಾಂಗಿರಿ ಹಿಂಡಲು ಕುಳಿತರು. ಬಟ್ಟೆಯ ತೂತಿನಿಂದ ಹಿಟ್ಟನ್ನು ಸುತ್ತಿ ಸುತ್ತಿ ತುಪ್ಪಕ್ಕೆ ಬಿಡುವಾಗ ಎದ್ದು ಹೋಗುವಂತಿಲ್ಲ. ಆಗಲೇ ನನಗೆ ವಾಸನೆ ಬಂತು. ಮೊದಲು ಸಣ್ಣಗೆ, ಗಾಳಿಯಲ್ಲಿ ಎಳೆಯಂತೆ. ಸೀದ ಹಾಲಿನ ವಾಸನೆ ಬೇರೆ ಯಾವುದರಂತೆಯೂ ಇರುವುದಿಲ್ಲ.

"ಅಪ್ಪಾ, ನೀರು ಬೇಕಾ?" ಎಂದು ಕೂಗಬೇಕು. ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಜಗಲಿಯ ಕಡೆ ಗಾಡಿ ನಿಂತ ಸದ್ದು, ಬನ್ನಿ ಬನ್ನಿ ಎಂಬ ಮಾತು. ಗಂಡಿನ ಕಡೆಯವರು ಬಂದಿದ್ದರು. ಅಂಥ ಗಳಿಗೆಯಲ್ಲಿ ಹಿತ್ತಲಿಂದ ನನ್ನ ದನಿ ಏಳುವುದೆ? ನಾನು ಸುಮ್ಮನಾದೆ.

ಯಜಮಾನರ ಅಕ್ಕ ಹುಣಸೆಹಣ್ಣು ಬಿಟ್ಟು ಮುಖ ಎತ್ತಿದರು. "ಏನೋ ಸೀದ ವಾಸ್ನೆ ಬತ್ತಾ ಇದೆ ಅಲ್ಲ?"

ನಾನು ಅವರ ಮುಖ ನೋಡಲಿಲ್ಲ. "ಹತ್ತಿ ಕಡ್ಡಿ ಹೊಗೆ ಅತ್ತೆ," ಎಂದೆ. "ಹಸಿ ಇತ್ತೇನೋ."

"ಹಾಲಿನ ವಾಸ್ನೆ ಇದ್ದಂಗದೆ."

"ಇಲ್ಲ. ಹೊಗೆ. ಅಪ್ಪ ಹಾಲಿನ ಪಕ್ಕದಲ್ಲೇ ಕೂತಿದ್ದಾರಲ್ಲ."

ಅವರು ಇನ್ನೊಂದು ಸಲ ಗಾಳಿ ಎಳೆದುಕೊಂಡರು. ನಂತರ, "ನಿಂಗೆ ಗೊತ್ತಿರುತ್ತೆ ಬಿಡು, ಅಡುಗೇರ ಮಗಳು" ಎಂದು ಮತ್ತೆ ಬೀಜ ಬಿಡಿಸತೊಡಗಿದರು.

ಅವತ್ತು ನನ್ನ ಲೆಕ್ಕ ಇಷ್ಟೇ ಇತ್ತು: ಹೌದು ಎಂದರೆ ಈಕೆ ಕೂಗುತ್ತಾರೆ, ಪಕ್ಕದಲ್ಲೇ ಕುಳಿತವರಿಗೆ ತಿಳಿಯಲಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ, ಅಪ್ಪನ ಗುಟ್ಟು ರಟ್ಟಾಗುತ್ತದೆ. ಅಪ್ಪ ಹೋಗಿ ಸೌಟು ಆಡಿಸಿದರೆ ತಳ ಹಿಡಿದದ್ದು ಕೈಗೆ ತಿಳಿದೇ ತಿಳಿಯುತ್ತದೆ, ಏನಾದರೂ ಮಾಡಿಯಾರು ಎಂದುಕೊಂಡೆ.

ಅವರು ಮಾಡಿದರು. ಕಿಟಕಿಯಲ್ಲಿ ನೋಡಿದೆ. ಸೌಟು ತಳಕ್ಕೆ ತಗಲಿದ ಕೂಡಲೇ ಅವರ ಭುಜ ನಿಂತಿತು. ಕೆರೆಯಲಿಲ್ಲ. ಅಲುಗಿಸದೆ ಮೇಲಿನ ಹಾಲನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿಕೊಂಡರು. ಎಲ್ಲ ಅಡುಗೆಯವರೂ ಹಾಗೇ ಮಾಡುವುದು. ಆದರೆ ಆಮೇಲೆ ಮೂಸಿ ನೋಡಬೇಕು. ಸೀದದ್ದು ಮೇಲಕ್ಕೆ ಏರಿದ್ದರೆ ಆ ಹಾಲನ್ನು ಚೆಲ್ಲಿ, ಇವತ್ತು ಪಾಯಸ ಇಲ್ಲ, ಜಾಂಗಿರಿ ಇದೆ ಎಂದು ಒಂದು ಮಾತು ಹೇಳಿದರೆ ಮುಗಿಯುತ್ತದೆ. ಅಪ್ಪ ಕಿಟಕಿಯ ಕಡೆ ತಿರುಗಿದರು. ನಾನು ನೀರು ಬೇಕಾ ಎಂದು ಕೇಳುತ್ತೇನೋ ಎಂದು ಕಾದರು ಎಂದು ಈಗ ಅನ್ನಿಸುತ್ತದೆ. ನಾನು ಕೇಳಲಿಲ್ಲ. ಅವರು ಏಲಕ್ಕಿ ಪುಡಿಯನ್ನೂ ಕೇಸರಿಯನ್ನೂ ಹಾಕಿ ಮುಚ್ಚಿದರು.

ಹಿತ್ತಲ ಬಾಗಿಲಿಂದ ನಡುಮನೆಯವರೆಗೆ ಒಂದೇ ಸಾಲಿಗೆ ಕಾಣುತ್ತಿತ್ತು. ಏಳು ಜನ ಕುಳಿತರು. ಮಜ್ಜಿಗೆ ಹುಳಿಗೆ ಸೋದರಮಾವ ಎರಡನೆಯ ಸಲ ಕೈ ನೀಡಿದರು. ಜಾಂಗಿರಿಗೆ ಅವರ ಹೆಂಡತಿ "ರೊಂಬ ಚೆನ್ನಾಗಿದೆ" ಎಂದದ್ದು ಕೇಳಿಸಿತು. ಅಪ್ಪನ ನಡಿಗೆಯೇ ಬದಲಾಯಿತು. ಪಾಯಸವನ್ನು ತಾವೇ ತಂದು ಬಡಿಸಿದರು.

ಸೋದರಮಾವ ಒಂದು ಗುಟುಕು ಕುಡಿದು ಬಟ್ಟಲನ್ನು ಕೆಳಗಿಟ್ಟರು. ಮದುವಣಗಿತ್ತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಸಾಮಿ, ಇದನ್ನ ಮೂಸಿ ನೋಡ್ದಿರಾ?" ಎಂದರು ಸೋದರಮಾವ. ದನಿ ಏರಿಸಲಿಲ್ಲ.

ಅಪ್ಪ ಸೌಟಿನಲ್ಲಿ ಪಾಯಸ ತೆಗೆದು ಎಲ್ಲರ ಮುಂದೆ ಮೂಗಿನ ಹತ್ತಿರ ಹಿಡಿದರು. ಉಸಿರನ್ನು ಉದ್ದಕ್ಕೆ ಎಳೆದುಕೊಂಡರು. "ಘಮಘಮ ಅಂತಿದೆಯಲ್ಲ," ಎಂದರು. "ಕೇಸರಿ ಸ್ವಲ್ಪ ಜಾಸ್ತಿಯಾಯ್ತೇನೋ."

ಗಂಡಿನ ಅಕ್ಕ ನಕ್ಕುಬಿಟ್ಟಳು. ಆಮೇಲೆ ಯಾರೂ ನಗಲಿಲ್ಲ. ಸೋದರಮಾವ ಎಲೆ ಮಡಿಸಿ ಎದ್ದರು. ಅಪ್ಪ ಸೌಟು ಹಿಡಿದುಕೊಂಡೇ ನಿಂತಿದ್ದರು. ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು, ಏನಾಯಿತು ಎಂದು ಯಾರಾದರೂ ಹೇಳಲಿ ಎನ್ನುವ ಹಾಗೆ.

ನನ್ನ ಪಕ್ಕದಲ್ಲಿ ಯಜಮಾನರ ಅಕ್ಕ ಬಾಗಿಲ ಕಡೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದರು.

"ನಿಮ್ಮಪ್ಪಂಗೆ ವಾಸ್ನೆ ಬರಲ್ವಾ?"

ನಾನು ಬರುವುದಿಲ್ಲವೆಂದು ತಲೆಯಾಡಿಸಿದೆ.

"ನಿಂಗೆ ಬಂತಲ್ಲ ಆದ್ರೆ. ಬಂತು ಅಲ್ವಾ?" ನನ್ನ ಹತ್ತಿರ ಸರಿದರು. "ಒಂದು ಮಾತು ಹೇಳಿದ್ರೆ ನಾ ಒಳಗೆ ಕೂಗಿ ಆ ಹಾಲು ಚೆಲ್ಲಿಸ್ತಿದ್ದೆ. ಬೆಕ್ಕು ಬಾಯಿ ಹಾಕ್ತು ಅಂತ ಹೇಳಿಬಿಡ್ತಿದ್ದೆ. ಯಾರಿಗೆ ಗೊತ್ತಾಗೋದು?"

ಅಂಥ ಒಂದು ಸುಳ್ಳು ನನಗೆ ಹೊಳೆದೇ ಇರಲಿಲ್ಲ. ನನಗೆ ಹೊಳೆದದ್ದು ಇನ್ನೊಂದು ಸುಳ್ಳು.

ಆ ಮನೆಯವರು ನಮಗೆ ಊಟ ಹಾಕಿಯೇ ಕಳಿಸಿದರು, ಹಿತ್ತಲ ಮಾಡಿನಲ್ಲಿ. ಯಜಮಾನರು ಹಣ್ಣು ತಾಂಬೂಲ ಕೊಟ್ಟು, "ಕಾಗದ ಹಾಕ್ತೀವಿ ಸಾಮಿ" ಎಂದರು. ಅದರ ಅರ್ಥ ಅಪ್ಪನಿಗೂ ತಿಳಿದಿತ್ತು.

ಬಸ್ಸಿನಲ್ಲಿ ಅಪ್ಪ ಕಿಟಕಿಯ ಪಕ್ಕ ಕುಳಿತರು. ಜೋಳದ ಹೊಲಗಳು ಕೊಯ್ದು ಬರಿದಾಗಿದ್ದವು. ಬಹಳ ದೂರ ಬಂದ ಮೇಲೆ ಕೇಳಿದರು.

"ಸೀದಿತ್ತಾ?"

"ಹೌದು ಅಪ್ಪ."

"ನಿನಗೆ ಅಲ್ಲಿಗೆ ವಾಸನೆ ಬರಲಿಲ್ವಾ ಮಗು?"

"ಗಾಳಿ ಆ ಕಡೆಗಿತ್ತು."

"ಹಾಗಾದ್ರೆ ನೀ ಏನ್ ಮಾಡ್ತೀ," ಎಂದರು ಅಪ್ಪ, ನನ್ನ ಕೈ ತಟ್ಟಿ. ಅವರು ನಂಬಿದರೋ, ನಂಬಿದಂತೆ ನಟಿಸಿದರೋ, ನನಗೆ ಕಡೆಯವರೆಗೂ ಗೊತ್ತಾಗಲಿಲ್ಲ.

ಹದಿನೈದು ದಿನಕ್ಕೆ ಕಾರ್ಡು ಬಂತು. ಅಡುಗೆಯನ್ನು ಬೇರೆಯವರಿಗೆ ಒಪ್ಪಿಸಿದ್ದೇವೆ, ಮನ್ನಿಸಬೇಕು. ಬೇರೆಯವರು ಎಂದರೆ ನಮ್ಮ ಹಳೆಯ ಕೈಯಾಳೇ. ನಾನು ಅದನ್ನು ಹರಿದು ಒಲೆಗೆ ಹಾಕಲು ಎದ್ದೆ. ಅಪ್ಪ ತಡೆದರು.

"ಉತ್ತರ ಬರಿ. ಸಂತೋಷ ಅಂತ ಬರಿ. ಒಳ್ಳೆ ಕೈ ಅವನದು, ಧೈರ್ಯವಾಗಿ ಒಪ್ಪಿಸಿ ಅಂತ ಬರಿ." ಒಂದು ಗಳಿಗೆ ಯೋಚಿಸಿದರು. "ಹಾಲಿಗೆ ಮಾತ್ರ ಹತ್ತಿ ಕಡ್ಡಿ ಬೇಡ, ಹುಣಸೆ ಕಟ್ಟಿಗೆ ತರಿಸಿ ಅಂತ ಕೆಳಗೆ ಸೇರಿಸು. ಅವನು ಕೇಳೋಕೆ ನಾಚ್ಕೋತಾನೆ."

ನಾನು ಬರೆದೆ. ಅಕ್ಷರ ಕದಡದ ಹಾಗೆ ಕಾರ್ಡನ್ನು ದೂರ ಹಿಡಿದುಕೊಂಡು ಬರೆದೆ.

ಅನ್ನೂರಿನ ಮಾತು ಪಲ್ಲಡಕ್ಕೆ ಹೋಯಿತು, ಅಲ್ಲಿಂದ ನಮ್ಮ ಬೀದಿಗೂ ಬಂತು. ಭಕ್ಷ್ಯದ ಕೆಲಸವೂ ನಿಂತಿತು. ಸೌಟಿಗೆ ಮೂಗು ಹಚ್ಚಿ ಘಮಘಮ ಎಂದ ಕಥೆಯನ್ನು ಮದುವೆಮನೆಗಳ ಅಡುಗೆಯವರು ನಟಿಸಿ ತೋರಿಸುತ್ತಿದ್ದರಂತೆ. ಅಪ್ಪ ಆಮೇಲೆ ಎರಡು ವರ್ಷ ಬದುಕಿದರು. ಹೊರಗೆ ಹೋಗುವುದನ್ನು ಬಿಟ್ಟರು. ನಾನು ಹೆಣ್ಣುಮಕ್ಕಳ ಒಂದು ಹಾಸ್ಟೆಲಿನಲ್ಲಿ ಅಡುಗೆಗೆ ಸೇರಿದೆ. ಸಂಜೆ ಬಂದಾಗ ಇವತ್ತು ಏನು ಮಾಡಿದೆ ಎಂದು ಕೇಳಿ, ಒಗ್ಗರಣೆಯಿಂದ ಹಿಡಿದು ಪ್ರತಿಯೊಂದನ್ನೂ ಹೇಳಿಸಿಕೊಳ್ಳುತ್ತಿದ್ದರು. ನಾನು ಹೇಳುತ್ತಿದ್ದೆ. ಆ ಬುಧವಾರ ನನಗೆ ವಾಸನೆ ಬಂದಿತ್ತು ಎಂದು ಹೇಳಲು ಅಂಥ ಎಷ್ಟೋ ಸಂಜೆಗಳಿದ್ದವು. ಒಂದು ಆಷಾಢದಲ್ಲಿ ಜ್ವರ ಬಂದು ನಾಲ್ಕೇ ದಿನಕ್ಕೆ ಅಪ್ಪ ಹೋದರು, ನಾನು ಹಾಸ್ಟೆಲಿನಲ್ಲಿ ಬೆಳಗಿನ ಅನ್ನ ಬಸಿಯುತ್ತಿದ್ದಾಗ.